ಪಿಎಫ್ ದುಡ್ಡು ಬಂದಿಲ್ಲ: ಎಚ್‌ಆರ್‌ಗೆ ಬರೆಯುವ ಕಾಗದ ಹೇಗಿರಬೇಕು?

"ಸರ್, ಪಿಎಫ್‌ಗೆ ಹಾಕಿ ತುಂಬಾ ದಿನ ಆಯ್ತು. ಇನ್ನೂ ದುಡ್ಡು ಬಂದಿಲ್ಲ. ಸ್ವಲ್ಪ ನೋಡಿ ಸರ್."

ಕಾರ್ಖಾನೆಯೊಂದರ ಎಚ್‌ಆರ್ ವಿಭಾಗಕ್ಕೆ ಕೆಲಸ ಬಿಟ್ಟವರಿಂದ ಬರುವ ಸಂದೇಶಗಳು ಹೆಚ್ಚುಕಡಿಮೆ ಹೀಗೇ ಇರುತ್ತವೆ. ಕಳಿಸಿದವರ ಅವಸರ ನಿಜವಾದದ್ದು. ಮಗಳ ಕಾಲೇಜು ಶುಲ್ಕವೋ, ಊರಿನ ಮನೆಯ ಛಾವಣಿಯೋ, ಕೈಸಾಲವೋ ಆ ದುಡ್ಡಿಗಾಗಿ ಕಾದಿರುತ್ತದೆ. ಆದರೂ ಬರುವ ಉತ್ತರ ಒಂದು ಸಾಲಿನದು: "ಪಿಎಫ್ ಆಫೀಸಿನಲ್ಲಿ ವಿಚಾರಿಸಿ." ಅಲ್ಲಿ ವಿಚಾರಿಸಿದರೆ, "ನಿಮ್ಮ ಕಂಪನಿಯವರನ್ನೇ ಕೇಳಿ" ಎನ್ನುತ್ತಾರೆ. ಹೀಗೆ ಇಬ್ಬರ ನಡುವೆ ಓಡಾಡಿ ತಿಂಗಳುಗಳು ಕಳೆಯುತ್ತವೆ.

ಇದಕ್ಕೆ ಎಚ್‌ಆರ್‌ನವರ ಉದಾಸೀನವೊಂದೇ ಕಾರಣವಲ್ಲ. ಮೇಲಿನ ಸಂದೇಶದಲ್ಲಿ ಅವರು ಹಿಡಿದು ಕೆಲಸ ಮಾಡಬಹುದಾದ ಒಂದು ಎಳೆಯೂ ಇಲ್ಲ. ಕಳಿಸಿದವರು ಯಾರು, ಯಾವ ನಮೂನೆ ಸಲ್ಲಿಸಿದ್ದಾರೆ, ಎಂದು ಸಲ್ಲಿಸಿದ್ದಾರೆ, ಪೋರ್ಟಲ್ ಏನು ಹೇಳುತ್ತಿದೆ, ಎಚ್‌ಆರ್ ಈಗ ಮಾಡಬೇಕಾದ್ದೇನು, ಯಾವುದೂ ಗೊತ್ತಾಗುವುದಿಲ್ಲ. ಅನೇಕ ಕಂಪನಿಗಳಲ್ಲಿ ಪಿಎಫ್ ಕೆಲಸವನ್ನು ಹೊರಗಿನ ಕನ್ಸಲ್ಟೆಂಟ್ ನೋಡಿಕೊಳ್ಳುತ್ತಾರೆ. ಎಚ್‌ಆರ್ ಆ ಸಂದೇಶವನ್ನು ಅವರಿಗೆ ದಾಟಿಸಿದರೆ ಅವರು ಮೊದಲು ಕೇಳುವುದೇ ಯುಎಎನ್ ಎಷ್ಟು ಎಂದು. ಅದು ಸಂದೇಶದಲ್ಲಿ ಇರದಿದ್ದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಹಾಗಾಗಿ ಕಾಗದ ಬರೆಯುವುದಕ್ಕೆ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ದುಡ್ಡು ಯಾರ ಕೈಯಲ್ಲಿ ನಿಂತಿದೆ ಎಂದು ಪತ್ತೆ ಮಾಡಬೇಕು. ಅದು ಕಂಪನಿಯ ಕಡೆ ನಿಂತಿರಬಹುದು, ಪಿಎಫ್ ಕಚೇರಿಯಲ್ಲಿ ನಿಂತಿರಬಹುದು, ಬ್ಯಾಂಕಿನ ಬಾಗಿಲಿಗೆ ಹೋಗಿ ವಾಪಸಾಗಿರಬಹುದು. ಎಚ್‌ಆರ್‌ನಿಂದ ಬಗೆಹರಿಯುವುದು ಮುಖ್ಯವಾಗಿ ಮೊದಲನೆಯದು.

ಪತ್ತೆ ಮಾಡುವುದು ಕಷ್ಟವಿಲ್ಲ. ಇಪಿಎಫ್‌ಒ ಸದಸ್ಯರ ಪೋರ್ಟಲ್ unifiedportal-mem.epfindia.gov.in ತೆರೆದು, ಹನ್ನೆರಡು ಅಂಕಿಯ ಯುಎಎನ್ ಮತ್ತು ಪಾಸ್‌ವರ್ಡ್ ಹಾಕಿ ಒಳಹೊಕ್ಕರೆ Online Services ಎಂಬಲ್ಲಿ Track Claim Status ಸಿಗುತ್ತದೆ. ಸಲ್ಲಿಸಿದ ಪ್ರತಿ ಕ್ಲೇಮಿನ ಸ್ಥಿತಿ ಅಲ್ಲಿದೆ. ಅದು ಇನ್ನೂ ಪರಿಶೀಲನೆಯಲ್ಲಿದೆ, ತಿರಸ್ಕೃತವಾಗಿದೆ, ಇಲ್ಲವೇ ಇತ್ಯರ್ಥವಾಗಿದೆ ಎಂಬ ಮೂರರಲ್ಲಿ ಒಂದು ಅಲ್ಲಿ ಕಾಣುತ್ತದೆ. ತಿರಸ್ಕೃತವಾಗಿದ್ದರೆ ಕಾರಣವನ್ನೂ ಚುಟುಕಾಗಿ ಬರೆದಿರುತ್ತಾರೆ. ಆ ಚುಟುಕು ಸಾಲನ್ನು ಓದದೆ ಎಚ್‌ಆರ್‌ಗೆ ಬರೆದ ಕಾಗದ ಅರ್ಧ ಕಾಗದ.

ಪರಿಶೀಲನೆಯಲ್ಲಿದೆ ಎಂದಿದ್ದರೆ ಕಾಯುವುದಕ್ಕೂ ಒಂದು ಲೆಕ್ಕವಿದೆ. 1952ರ ಇಪಿಎಫ್ ಯೋಜನೆಯ 72ನೇ ಪ್ಯಾರಾ ಪ್ರಕಾರ, ಎಲ್ಲ ರೀತಿಯಿಂದಲೂ ಸರಿಯಿರುವ ಕ್ಲೇಮು ಕೈಸೇರಿದ 20 ದಿನಗಳೊಳಗೆ ಪಿಎಫ್ ಕಚೇರಿ ಹಣ ಕೊಡಬೇಕು. ಕೊರತೆಯಿದ್ದರೆ ಅದೇ 20 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಸಕಾರಣವಿಲ್ಲದೆ ತಡ ಮಾಡಿದರೆ ವರ್ಷಕ್ಕೆ ಶೇ 12ರಂತೆ ದಂಡಬಡ್ಡಿ ಹಾಕಿ, ಅದನ್ನು ಕಮಿಷನರ್ ಅವರ ಸಂಬಳದಿಂದಲೇ ಹಿಡಿಯಬಹುದೆಂಬ ಮಾತೂ ಅಲ್ಲಿದೆ. ಹೀಗಾಗಿ ಹತ್ತನೇ ದಿನಕ್ಕೇ ಎಚ್‌ಆರ್‌ಗೆ ಬರೆದು ಪ್ರಯೋಜನವಿಲ್ಲ. 20 ದಿನ ದಾಟಿದ ಮೇಲೂ ಸ್ಥಿತಿ ಬದಲಾಗದಿದ್ದರೆ ಕೇಳಬೇಕಾದದ್ದು ಪಿಎಫ್ ಕಚೇರಿಯನ್ನು.

ಎಚ್‌ಆರ್ ನಿಜವಾಗಿ ಬೇಕಾಗುವುದು ತಿರಸ್ಕೃತವಾದ ಕ್ಲೇಮುಗಳಲ್ಲಿ. ಒಂದು ಪ್ರಸಂಗವನ್ನು ಲೆಕ್ಕ, ತಾರೀಖುಗಳ ಸಮೇತ ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪ್ರಸಂಗ ಕಲ್ಪಿಸಿದ್ದು. ಆದರೆ ಇದರಲ್ಲಿರುವ ತೊಡಕು ದಿನಬೆಳಗಾದರೆ ಎದುರಾಗುವಂಥದ್ದು.

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಒಬ್ಬ ಮಹಿಳೆ 2016ರ ಜೂನ್‌ನಿಂದ ಟೈಲರ್ ಆಗಿದ್ದರು ಎಂದುಕೊಳ್ಳೋಣ. ಬೇಸಿಕ್ ಮತ್ತು ಡಿಎ ಸೇರಿ ಅವರ ಕೊನೆಯ ಸಂಬಳ ತಿಂಗಳಿಗೆ 12,000 ರೂಪಾಯಿ. ತಾಯಿಯ ಕಾಯಿಲೆಯ ಕಾರಣ ಕೆಲಸ ಬಿಟ್ಟು ಹಾಸನ ಜಿಲ್ಲೆಯ ಊರಿಗೆ ಹೋದರು. ಕೊನೆಯ ಕೆಲಸದ ದಿನ 2024ರ ಮೇ 10. ಕಂಪನಿ ಜೂನ್ ಕೊನೆಯಲ್ಲಿ ಫೈನಲ್ ಸೆಟ್ಲ್‌ಮೆಂಟ್ ಮಾಡಿತು. ಆಗಿನ ನಿಯಮದಂತೆ ಕೆಲಸ ಬಿಟ್ಟು ಎರಡು ತಿಂಗಳು ಕಾದು, ಜುಲೈ 22ರಂದು ಆಕೆ ಎರಡು ಕ್ಲೇಮು ಹಾಕಿದರು. ಪಿಎಫ್ ಪೂರ್ತಿ ಬಿಡಿಸಿಕೊಳ್ಳಲು 19ನೇ ನಮೂನೆ, ಪಿಂಚಣಿ ಭಾಗಕ್ಕೆ 10ಸಿ ನಮೂನೆ. ಆಗಸ್ಟ್ 6ರಂದು ನೋಡಿದರೆ ಎರಡೂ ತಿರಸ್ಕೃತವಾಗಿದ್ದವು. ಮೇ 2024ರ ವಂತಿಗೆ ಬಂದಿಲ್ಲ ಎಂಬುದು ಕಾರಣ.

ಈ ಕಾರಣವನ್ನು ಅವರೇ ತಾಳೆ ನೋಡಬಹುದು. passbook.epfindia.gov.in ನಲ್ಲಿರುವ ಪಾಸ್‌ಬುಕ್ ತೆರೆದರೆ ಪ್ರತಿ ತಿಂಗಳ ಸಂಬಳಕ್ಕೆ ಒಂದೊಂದು ಸಾಲು ಇರುತ್ತದೆ. ಏಪ್ರಿಲ್ 2024ರ ಸಾಲು ಇದೆ, ಮೇ ಸಾಲು ಇಲ್ಲ. ಇನ್ನೊಂದು ಕಡೆ, ಸದಸ್ಯರ ಪೋರ್ಟಲ್‌ನ Service History ನಲ್ಲಿ ಕೆಲಸ ಬಿಟ್ಟ ದಿನ ಮೇ 10 ಎಂದೇ ನಮೂದಾಗಿದೆ. ಅಂದರೆ ಈ ಸದಸ್ಯೆ ಮೇ ತಿಂಗಳಲ್ಲಿ ಹತ್ತು ದಿನ ಕೆಲಸ ಮಾಡಿದ್ದಾರೆಂದು ಕಂಪನಿಯೇ ಹೇಳಿದೆ, ಆದರೆ ಆ ಹತ್ತು ದಿನದ ಪಿಎಫ್ ಕಟ್ಟಿಲ್ಲ. ಪಿಎಫ್ ಕಚೇರಿಯ ಗುಮಾಸ್ತರ ಕಣ್ಣಿಗೆ ಬಿದ್ದದ್ದು ಈ ಅಂತರವೇ.

ಇದು ಹೇಗಾಗುತ್ತದೆ? ಕಂಪನಿ ಪ್ರತಿ ತಿಂಗಳ ಪಿಎಫ್ ಅನ್ನು ಮರುತಿಂಗಳ 15ರೊಳಗೆ ಇಸಿಆರ್ ಎಂಬ ವಿದ್ಯುನ್ಮಾನ ಪಟ್ಟಿಯ ಜೊತೆ ಕಟ್ಟಬೇಕು. ಆ ಪಟ್ಟಿ ಹೊರಡುವುದು ಮಾಮೂಲಿ ಸಂಬಳದ ಪಟ್ಟಿಯಿಂದ. ತಿಂಗಳ ನಡುವೆ ಕೆಲಸ ಬಿಟ್ಟವರ ಹತ್ತು ದಿನದ ಸಂಬಳ ಆ ಪಟ್ಟಿಗೆ ಸೇರದೆ ಫೈನಲ್ ಸೆಟ್ಲ್‌ಮೆಂಟಿಗೆ ಹೋಗುತ್ತದೆ. ಸೆಟ್ಲ್‌ಮೆಂಟ್ ಚೀಟಿಯಲ್ಲಿ ಪಿಎಫ್ ಹಿಡಿದಿರುತ್ತಾರೆ. ಆದರೆ ಅಷ್ಟರಲ್ಲಿ ಮೇ ತಿಂಗಳ ಪಟ್ಟಿ ಸಲ್ಲಿಕೆಯಾಗಿ ಮುಗಿದಿರುತ್ತದೆ. ಪೂರಕ ಪಟ್ಟಿ ಸಲ್ಲಿಸಬೇಕೆಂದು ಯಾರಿಗೂ ನೆನಪಾಗುವುದಿಲ್ಲ.

ಎಷ್ಟು ದುಡ್ಡಿನ ವಿಷಯ ಇದು? ಮೇ ತಿಂಗಳ 31 ದಿನಗಳಲ್ಲಿ ಹತ್ತು ದಿನದ ಸಂಬಳ ಸುಮಾರು 3,871 ರೂಪಾಯಿ. ಅದರ ಶೇ 12ರಂತೆ ಆಕೆಯ ಪಾಲು 465 ರೂಪಾಯಿ, ಕಂಪನಿಯ ಪಾಲು ಅಷ್ಟೇ. ಒಟ್ಟು 930 ರೂಪಾಯಿ. ತಡವಾಗಿ ಕಟ್ಟಿದ್ದಕ್ಕೆ ಕಂಪನಿ ತೆರಬೇಕಾದ ಬಡ್ಡಿ ವರ್ಷಕ್ಕೆ ಶೇ 12. ಜೂನ್ 15ರಿಂದ ಆಗಸ್ಟ್ 20ರವರೆಗೆ ಲೆಕ್ಕ ಹಾಕಿದರೆ ಇಪ್ಪತ್ತು ರೂಪಾಯಿ ಆಸುಪಾಸು, ಜೊತೆಗೆ ಒಂದಿಷ್ಟು ದಂಡ ಮತ್ತು ಶುಲ್ಕ. ಎಂಟು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಗಳಿಸಿದ್ದಷ್ಟೂ ಈ 930 ರೂಪಾಯಿಗಾಗಿ ತಡೆದು ನಿಂತಿದೆ. ಇದನ್ನು ಕಟ್ಟಲು ಕಂಪನಿಗೆ ಹಣದ ಮುಗ್ಗಟ್ಟೇನೂ ಇಲ್ಲ. ಕಟ್ಟಿಲ್ಲವೆಂದು ಯಾರಾದರೂ ಅವರಿಗೆ ತೋರಿಸಿಕೊಡಬೇಕು, ಅಷ್ಟೇ. ಆ ಕೆಲಸವನ್ನು ಕಾಗದ ಮಾಡಬೇಕು.

ಆಕೆ ಎರಡು ದಿನ ಬಿಟ್ಟು ಬರೆದ ಇಮೇಲ್ ಹೀಗಿದ್ದರೆ ಸಾಕು:

"ವಿಷಯ: ಮೇ 2024ರ ಪಿಎಫ್ ಜಮೆಯಾಗದೆ ನನ್ನ ಕ್ಲೇಮು ತಿರಸ್ಕೃತವಾಗಿರುವುದು. ಯುಎಎನ್ (12 ಅಂಕಿ), ಮೆಂಬರ್ ಐಡಿ (ಪೂರ್ತಿ).

ಮಾನ್ಯರೆ,

ನಾನು ನಿಮ್ಮ ಕಾರ್ಖಾನೆಯಲ್ಲಿ ಜೂನ್ 2016ರಿಂದ 10-05-2024ರವರೆಗೆ ಟೈಲರ್ ಆಗಿದ್ದೆ. ನನ್ನ ಟೋಕನ್ ಸಂಖ್ಯೆ (ಇಷ್ಟು).

22-07-2024ರಂದು 19 ಮತ್ತು 10ಸಿ ನಮೂನೆಗಳನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿದೆ. 06-08-2024ರಂದು ಎರಡೂ ತಿರಸ್ಕೃತವಾಗಿವೆ. ಮೇ 2024ರ ವಂತಿಗೆ ಬಂದಿಲ್ಲವೆಂದು ಕಾರಣ ಕೊಟ್ಟಿದ್ದಾರೆ.

ಪಾಸ್‌ಬುಕ್ ನೋಡಿದೆ. ಏಪ್ರಿಲ್ 2024ರವರೆಗಿನ ಜಮೆ ಇದೆ, ಮೇ ತಿಂಗಳದು ಇಲ್ಲ. ಫೈನಲ್ ಸೆಟ್ಲ್‌ಮೆಂಟ್ ಚೀಟಿಯಲ್ಲಿ ಮೇ ತಿಂಗಳ ಹತ್ತು ದಿನಕ್ಕೆ 465 ರೂಪಾಯಿ ಪಿಎಫ್ ಹಿಡಿಯಲಾಗಿದೆ. ನನ್ನ ಆಧಾರ್, ಪಾನ್ ಮತ್ತು ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ದೃಢಪಟ್ಟಿವೆ.

ದಯವಿಟ್ಟು ಮೇ 2024ರ ನನ್ನ ವಂತಿಗೆಯನ್ನು ಪೂರಕ ಇಸಿಆರ್ ಮೂಲಕ ಕಟ್ಟಿ, ಕಟ್ಟಿದ ದಿನಾಂಕವನ್ನು 20-08-2024ರೊಳಗೆ ತಿಳಿಸಿ. ಈಗಾಗಲೇ ಕಟ್ಟಿದ್ದರೆ ಚಲನ್ ವಿವರ ಕೊಡಿ. ಅದಾದ ಮೇಲೆ ನಾನು ಕ್ಲೇಮನ್ನು ಮತ್ತೆ ಸಲ್ಲಿಸುತ್ತೇನೆ.

ಲಗತ್ತು: ಕ್ಲೇಮಿನ ಸ್ಥಿತಿ ತೋರಿಸುವ ಪುಟ, ಪಾಸ್‌ಬುಕ್‌ನ ಕೊನೆಯ ಪುಟ, ಸೆಟ್ಲ್‌ಮೆಂಟ್ ಚೀಟಿ.

ಇಂತಿ, (ಹೆಸರು, ಮೊಬೈಲ್ ಸಂಖ್ಯೆ)"

ಇಡೀ ಕಾಗದ ಒಂದು ಪುಟ ದಾಟಿಲ್ಲ. ಅದರ ಜೀವವಿರುವುದು ವಿಷಯಗಳು ಒಂದರ ಹಿಂದೊಂದು ಬಂದಿರುವ ಕ್ರಮದಲ್ಲಿ. ಓದುವವರಿಗೆ ಮೊದಲು ಬೇಕಾದದ್ದು ಈಕೆ ಯಾರು ಎಂಬುದು. ಸಾವಿರಾರು ಜನ ಬಂದು ಹೋಗುವ ಕಾರ್ಖಾನೆಯಲ್ಲಿ ಹೆಸರೊಂದರಿಂದ ಯಾರನ್ನೂ ಹುಡುಕಲಾಗುವುದಿಲ್ಲ. ಆದ್ದರಿಂದ ಯುಎಎನ್, ಮೆಂಬರ್ ಐಡಿ ಎರಡೂ ವಿಷಯದ ಸಾಲಿನಲ್ಲೇ ಇವೆ. ಯುಎಎನ್ ಆ ವ್ಯಕ್ತಿಗೆ ಜೀವನಪೂರ್ತಿ ಒಂದೇ. ಮೆಂಬರ್ ಐಡಿ ಮಾತ್ರ ಕಂಪನಿ ಬದಲಾದಂತೆ ಬದಲಾಗುತ್ತದೆ, ಅದರೊಳಗೆ ಪಿಎಫ್ ಕಚೇರಿಯ ಗುರುತೂ ಕಂಪನಿಯ ಸಂಖ್ಯೆಯೂ ಅಡಗಿವೆ. ಉದಾಹರಣೆಗೆ BGBNG ಎಂದು ಶುರುವಾದರೆ ಅದು ಬೆಂಗಳೂರಿನ ಖಾತೆ. ಎರಡು ಮೂರು ಕಡೆ ದುಡಿದವರು ಯಾವ ಕಂಪನಿಯ ಖಾತೆಯ ಬಗ್ಗೆ ಕೇಳುತ್ತಿದ್ದೇವೆಂದು ಹೇಳದಿದ್ದರೆ, ಎಚ್‌ಆರ್ ಬೇರೆಯೇ ಖಾತೆಯನ್ನು ನೋಡಿ "ನಮ್ಮ ಕಡೆ ಎಲ್ಲ ಸರಿಯಿದೆ" ಎಂದು ಉತ್ತರಿಸುವುದುಂಟು.

ಆಮೇಲೆ ಬರುವುದು ನಡೆದದ್ದು, ತಾರೀಖಿನ ಸಾಲಿನಲ್ಲಿ. ಕೆಲಸ ಬಿಟ್ಟ ದಿನ, ಕ್ಲೇಮು ಹಾಕಿದ ದಿನ, ತಿರಸ್ಕೃತವಾದ ದಿನ. ಇಲ್ಲಿ "ತುಂಬಾ ದಿನವಾಯಿತು", "ಎಷ್ಟೋ ಸಲ ಫೋನ್ ಮಾಡಿದೆ" ಎಂಬ ಮಾತುಗಳಿಗೆ ಜಾಗ ಬೇಡ. ಅವು ಸುಳ್ಳೆಂದಲ್ಲ, ಆದರೆ ಅವುಗಳಿಂದ ಕಡತ ಮುಂದೆ ಸರಿಯುವುದಿಲ್ಲ. ತಾರೀಖುಗಳಿಗೆ ಇನ್ನೊಂದು ಕೆಲಸವೂ ಇದೆ. ಈ ಪ್ರಸಂಗದಲ್ಲಿ ಕ್ಲೇಮು ಹಾಕಿ ಹದಿನೈದನೇ ದಿನಕ್ಕೇ ಕೊರತೆ ತಿಳಿಸಿದ್ದರಿಂದ ಪಿಎಫ್ ಕಚೇರಿ ತನ್ನ 20 ದಿನದ ಗಡುವನ್ನು ಮೀರಿಲ್ಲ. ತಾರೀಖು ಬರೆದುಕೊಂಡಾಗಲೇ ದೂರು ಯಾರ ಮೇಲೆ ಎಂಬುದು ಬರೆಯುವವರಿಗೂ ತಿಳಿಯಾಗುತ್ತದೆ.

ಮೂರನೆಯದಾಗಿ ಆಕೆ ತಾವೇ ನೋಡಿಕೊಂಡದ್ದನ್ನು ಹೇಳಿದ್ದಾರೆ. ಏಪ್ರಿಲ್ ಇದೆ, ಮೇ ಇಲ್ಲ, ಚೀಟಿಯಲ್ಲಿ ಹಿಡಿದಿದ್ದಾರೆ, ಆಧಾರ್, ಪಾನ್, ಬ್ಯಾಂಕು ಸರಿಯಿವೆ. ಇಡೀ ಕಾಗದದಲ್ಲಿ ಅತಿ ಹೆಚ್ಚು ಬೆಲೆಬಾಳುವ ಭಾಗ ಇದು. "ಮೊದಲು ನಿಮ್ಮ ಕೆವೈಸಿ ನೋಡಿಕೊಳ್ಳಿ" ಎಂಬ ಸಿದ್ಧ ಉತ್ತರಕ್ಕೆ ಇಲ್ಲಿ ಆಸ್ಪದವೇ ಉಳಿಯುವುದಿಲ್ಲ. ಸೆಟ್ಲ್‌ಮೆಂಟ್ ಚೀಟಿಯ 465 ರೂಪಾಯಿ ಅಂತೂ ಕಂಪನಿಯದೇ ಕಾಗದ. ನೌಕರರ ಸಂಬಳದಿಂದ ಹಿಡಿದ ಪಿಎಫ್ ಅನ್ನು ಕಟ್ಟದೆ ಇಟ್ಟುಕೊಳ್ಳುವುದು ಶಿಕ್ಷಾರ್ಹವೆಂದು ಎಚ್‌ಆರ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಕಾಗದದಲ್ಲಿ ಎತ್ತಿ ಆಡಬೇಕಾಗಿಲ್ಲ. ಚೀಟಿಯ ಪ್ರತಿ ಲಗತ್ತಿಸಿದರೆ ಸಾಕು.

ಕೊನೆಯಲ್ಲಿ ಬೇಡಿಕೆ. "ದುಡ್ಡು ಹಾಕಿಸಿ" ಎಂದು ಆಕೆ ಕೇಳಿಲ್ಲ, ಏಕೆಂದರೆ ಎಚ್‌ಆರ್‌ಗೆ ಅದು ಸಾಧ್ಯವಿಲ್ಲ. ದುಡ್ಡಿರುವುದು ಇಪಿಎಫ್‌ಒ ಬಳಿ. ಎಚ್‌ಆರ್ ಮಾಡಬಹುದಾದ ಒಂದೇ ಒಂದು ಕೆಲಸವನ್ನು ಹೆಸರಿಟ್ಟು ಕೇಳಿದ್ದಾರೆ, ಅದಕ್ಕೊಂದು ದಿನಾಂಕ ಕೊಟ್ಟಿದ್ದಾರೆ, ಆಮೇಲೆ ತಾವೇನು ಮಾಡುತ್ತೇವೆಂದೂ ಹೇಳಿದ್ದಾರೆ. ಪೂರಕ ಪಟ್ಟಿ ಸಲ್ಲಿಕೆಯಾಗಿ ಹಣ ಕಟ್ಟಿದ ಮೇಲೆ ಪಾಸ್‌ಬುಕ್‌ನಲ್ಲಿ ಮೇ ಸಾಲು ಮೂಡುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಕ್ಲೇಮು ಮತ್ತೆ ಹಾಕಬೇಕು. "ಕಟ್ಟಿದ್ದೇವೆ" ಎಂಬ ಮಾತು ಕೇಳಿದ ಕೂಡಲೇ ಹಾಕಿದರೆ ಅದೇ ಕಾರಣಕ್ಕೆ ಇನ್ನೊಮ್ಮೆ ವಾಪಸಾಗಬಹುದು.

ಕಾಗದದಲ್ಲಿ ಏನಿರಬಾರದು ಎಂಬುದೂ ಅಷ್ಟೇ ಮುಖ್ಯ. ಪೋರ್ಟಲ್‌ನ ಪಾಸ್‌ವರ್ಡ್, ಮೊಬೈಲಿಗೆ ಬಂದ ಒಟಿಪಿ, ಆಧಾರ್‌ನ ಪೂರ್ತಿ ಸಂಖ್ಯೆ ಇವುಗಳನ್ನು ಎಚ್‌ಆರ್‌ಗೂ ಬರೆಯಬೇಡಿ, "ನಾನು ಬಿಡಿಸಿಕೊಡ್ತೀನಿ" ಎಂದು ಮುಂದೆ ಬರುವ ಮಧ್ಯವರ್ತಿಗಂತೂ ಕೊಡಲೇಬೇಡಿ. ಒಟಿಪಿ ಕೈಗೆ ಸಿಕ್ಕವರು ಬ್ಯಾಂಕ್ ಖಾತೆಯನ್ನೇ ಬದಲಿಸಬಲ್ಲರು.

ಎಲ್ಲ ತಿರಸ್ಕಾರಗಳೂ ವಂತಿಗೆಯ ಕೊರತೆಯಿಂದ ಆಗುವುದಿಲ್ಲ. ಇನ್ನೊಂದು ಸಾಮಾನ್ಯ ಕಾರಣ ಕೆಲಸ ಬಿಟ್ಟ ದಿನಾಂಕ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ದಿನಾಂಕದ ಜಾಗ ಖಾಲಿಯಿದ್ದರೆ ಎಚ್‌ಆರ್‌ಗೆ ಕಾಯಬೇಕಾಗಿಯೇ ಇಲ್ಲ. 2020ರ ಜನವರಿಯಿಂದ ಸದಸ್ಯರೇ ಪೋರ್ಟಲ್‌ನ Mark Exit ಎಂಬಲ್ಲಿ ಅದನ್ನು ನಮೂದಿಸಬಹುದು. ಕೊನೆಯ ವಂತಿಗೆ ಬಂದು ಎರಡು ತಿಂಗಳು ಕಳೆದಿರಬೇಕು, ನಮೂದಿಸುವ ದಿನ ಆ ಕೊನೆಯ ವಂತಿಗೆಯ ತಿಂಗಳೊಳಗೇ ಇರಬೇಕು. ಆದರೆ ಕಂಪನಿ ಹಾಕಿದ ದಿನಾಂಕವೇ ತಪ್ಪಾಗಿದ್ದರೆ ಜಂಟಿ ಘೋಷಣೆ ಎಂಬ ತಿದ್ದುಪಡಿ ಅರ್ಜಿ ಬೇಕು. 2025ರ ಜನವರಿಯಲ್ಲಿ ಈ ನಿಯಮ ಸಡಿಲವಾಯಿತು. ಯುಎಎನ್ ಆಧಾರ್‌ನಿಂದ ದೃಢಪಟ್ಟಿರುವ ಸದಸ್ಯರು ಹೆಸರು, ಹುಟ್ಟಿದ ದಿನ, ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ದಾಖಲೆ ಲಗತ್ತಿಸದೆ ತಾವೇ ತಿದ್ದಿಕೊಳ್ಳಬಹುದು. 2017ರ ಅಕ್ಟೋಬರ್ 1ಕ್ಕಿಂತ ಮೊದಲು ಯುಎಎನ್ ಪಡೆದವರ ಕೆಲವು ಪ್ರಸಂಗಗಳಲ್ಲಿ ಮಾತ್ರ ಕಂಪನಿಯ ದೃಢೀಕರಣ ಬೇಕು. ಅಂಥವರ ಕಾಗದದ ಕೊನೆಯ ಸಾಲು, "ನಾನು ಇಂಥ ದಿನ ಸಲ್ಲಿಸಿದ ಜಂಟಿ ಘೋಷಣೆ ನಿಮ್ಮ ಲಾಗಿನ್‌ನಲ್ಲಿದೆ, ದಯವಿಟ್ಟು ಅನುಮೋದಿಸಿ" ಎಂದಿರಬೇಕು. ಸಾಲು ಬದಲಾಗುತ್ತದೆ, ಕಾಗದದ ಕ್ರಮ ಬದಲಾಗುವುದಿಲ್ಲ.

ಇನ್ನು ಮೂರನೆಯ ಬಗೆ. ಪೋರ್ಟಲ್ ಇತ್ಯರ್ಥವಾಗಿದೆ ಎನ್ನುತ್ತದೆ, ಬ್ಯಾಂಕಿನಲ್ಲಿ ಮಾತ್ರ ಏನೂ ಇಲ್ಲ. ಮನಸ್ಸಿಗೆ ಹೆಚ್ಚು ಗಾಬರಿ ತರುವುದು ಇದೇ. ಹಣ ಹೊರಟಿದೆ, ಆದರೆ ಖಾತೆ ಮುಚ್ಚಿದ್ದರಿಂದಲೋ, ಸಂಖ್ಯೆ ಅಥವಾ ಐಎಫ್‌ಎಸ್‌ಸಿ ತಪ್ಪಿದ್ದರಿಂದಲೋ ಬ್ಯಾಂಕು ಅದನ್ನು ಪಿಎಫ್ ಕಚೇರಿಗೇ ಹಿಂದಿರುಗಿಸಿದೆ. ಕಾರ್ಖಾನೆಯವರು ತೆರೆಸಿಕೊಟ್ಟ ಸಂಬಳದ ಖಾತೆಯನ್ನು ಕೆಲಸ ಬಿಟ್ಟ ಮೇಲೆ ಮುಚ್ಚಿಸಿದವರಿಗೆ ಹೀಗಾಗುತ್ತದೆ.

ಕರ್ನಾಟಕದಲ್ಲಿ ಈ ತೊಡಕಿಗೆ ಬ್ಯಾಂಕುಗಳ ವಿಲೀನದ ಹಿನ್ನೆಲೆಯೂ ಇದೆ. ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿತು. SYNB ಎಂದು ಶುರುವಾಗುತ್ತಿದ್ದ ಅದರ ಸಂಕೇತಗಳು 2021ರ ಜುಲೈ 1ರಿಂದ ನಿಂತುಹೋಗಿ CNRB ಆದವು. ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿದ್ದೂ ಇದೇ ವರ್ಷಗಳ ಆಚೀಚೆ. ತೀರಾ ಈಚೆಗೆ, 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದಾದವು. ಹಳೆಯ ಪಾಸ್‌ಪುಸ್ತಕದಲ್ಲಿರುವ ಸಂಕೇತವನ್ನು ನೆಚ್ಚಿಕೊಳ್ಳದೆ ಶಾಖೆಯಲ್ಲಿ ಕೇಳಿ ಪೋರ್ಟಲ್‌ನಲ್ಲಿ ಹೊಂದಿಸಿಕೊಳ್ಳುವುದು ಒಳ್ಳೆಯದು.

ಹಣ ಹೀಗೆ ಬ್ಯಾಂಕಿನಿಂದ ವಾಪಸಾಗಿದ್ದರೆ ಎಚ್‌ಆರ್‌ಗೆ ಬರೆಯಬೇಕಾದ ವಿಷಯ ಹೆಚ್ಚೇನಿಲ್ಲ. 2025ರ ಏಪ್ರಿಲ್‌ಗೆ ಮುಂಚೆ ಹೊಸ ಬ್ಯಾಂಕ್ ಖಾತೆಗೆ ಕಂಪನಿಯ ಅನುಮೋದನೆ ಬೇಕಿತ್ತು. ಆಗಿನಿಂದ ಬ್ಯಾಂಕು ಪರಿಶೀಲಿಸಿದರೆ ಸಾಕೆಂದು ಇಪಿಎಫ್‌ಒ ಆ ಹಂತವನ್ನೇ ತೆಗೆದುಹಾಕಿದೆ. ಕ್ಲೇಮು ಹಾಕುವಾಗ ಚೆಕ್‌ನ ಚಿತ್ರ ಏರಿಸುವುದನ್ನೂ ಕೈಬಿಟ್ಟಿದೆ. ಈಗ ಸದಸ್ಯರು ಸರಿಯಾದ ಖಾತೆಯನ್ನು ಪೋರ್ಟಲ್‌ನಲ್ಲಿ ಜೋಡಿಸಿಕೊಂಡು, ಹಿಂದಿರುಗಿದ ಹಣವನ್ನು ಹೊಸ ಖಾತೆಗೆ ಕಳಿಸಿ ಎಂದು ಪಿಎಫ್ ಕಚೇರಿಗೇ ಬರೆಯಬೇಕು. ಆ ಕಾಗದದಲ್ಲೂ ಮೊದಲು ಯುಎಎನ್ ಮತ್ತು ಕ್ಲೇಮ್ ಐಡಿ, ಆಮೇಲೆ ಇತ್ಯರ್ಥವಾದ ದಿನ, ಬ್ಯಾಂಕಿಗೆ ಹಣ ಬಂದಿಲ್ಲವೆಂದು ತೋರಿಸುವ ಸ್ಟೇಟ್‌ಮೆಂಟ್, ಕೊನೆಗೆ ಹೊಸ ಖಾತೆಯ ವಿವರ.

ಬಂದಿದೆ, ಆದರೆ ಕಡಿಮೆ ಬಂದಿದೆ ಎಂಬ ದೂರಿಗೂ ಎಚ್‌ಆರ್‌ನ ಬಾಗಿಲು ತಟ್ಟುವವರಿದ್ದಾರೆ. ಕಾಗದ ಬರೆಯುವ ಮುಂಚೆ ಒಂದು ಲೆಕ್ಕ ನೋಡಬೇಕು. 12,000 ರೂಪಾಯಿ ಸಂಬಳಕ್ಕೆ ನೌಕರೆಯ ಪಾಲು 1,440, ಕಂಪನಿಯ ಪಾಲು 1,440. ತಿಂಗಳಿಗೆ 2,880 ಜಮೆಯಾಗುತ್ತದೆಂದು ಅನೇಕರು ಎಣಿಸಿರುತ್ತಾರೆ. ಆದರೆ ಕಂಪನಿಯ ಪಾಲಿನಲ್ಲಿ ಸುಮಾರು 1,000 ರೂಪಾಯಿ ಪಿಂಚಣಿ ಯೋಜನೆಗೆ ಹೋಗುತ್ತದೆ. ಪಿಎಫ್ ಖಾತೆಗೆ ಸೇರುವುದು 1,440 ಮತ್ತು 440, ಒಟ್ಟು 1,880. 19ನೇ ನಮೂನೆಯಿಂದ ಬರುವುದು ಈ ಹಣ ಮತ್ತು ಅದರ ಬಡ್ಡಿ. ಪಿಂಚಣಿ ಭಾಗಕ್ಕೆ 10ಸಿ ಬೇರೆಯೇ ಹಾಕಬೇಕು. ಅದರಲ್ಲೂ ಕೈಗೆ ಬರುವುದು ಜಮೆಯಾದ ಮೊತ್ತವಲ್ಲ, ಸೇವೆಯ ಅವಧಿ ಮತ್ತು ಸಂಬಳ ನೋಡಿ ಒಂದು ಕೋಷ್ಟಕದಂತೆ ಲೆಕ್ಕ ಹಾಕಿದ ಮೊತ್ತ. 19ನ್ನು ಹಾಕಿ 10ಸಿಯನ್ನು ಮರೆತವರು "ಅರ್ಧ ದುಡ್ಡು ಬಂದಿಲ್ಲ" ಎಂದು ಎಚ್‌ಆರ್‌ಗೆ ಬರೆದರೆ ಅವರಿಂದ ಉತ್ತರ ಸಿಗಲಾರದು. ಹತ್ತು ವರ್ಷ ಪೂರೈಸಿದವರಿಗೆ ಪಿಂಚಣಿಯ ಹಣ ಹೀಗೆ ಒಟ್ಟಿಗೆ ಸಿಗುವುದೂ ಇಲ್ಲ, ಅವರು ಮುಂದೆ ಮಾಸಿಕ ಪಿಂಚಣಿಗೆ ಅರ್ಹರು.

ಈ ದುಡ್ಡು ಕೆಳಗಿನ ಸಂಬಳದವರಿಗೆ ಏನೆಂಬುದನ್ನು ಬೆಂಗಳೂರು ಒಮ್ಮೆ ಬೀದಿಯಲ್ಲೇ ಕಂಡಿದೆ. ಕಂಪನಿಯ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಕಾರ್ಖಾನೆಗಳಿಂದ ಹೊರಬಂದು ರಸ್ತೆ ತಡೆದರು. 19ರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳ ಪಾಲಿಗೆ ಪಿಎಫ್ ಎಂದರೆ ಮುಪ್ಪಿನ ಹಣಕ್ಕಿಂತ ಹೆಚ್ಚಾಗಿ, ಕೆಲಸ ಬಿಟ್ಟ ಕೂಡಲೇ ಒಟ್ಟಿಗೆ ಕೈಗೆ ಸಿಗುವ ಒಂದೇ ಮೊತ್ತವಾಗಿತ್ತು. ನಿಯಮ ಈಗ ಮತ್ತೆ ಬದಲಾಗುವ ಹಾದಿಯಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒದ ಕೇಂದ್ರ ಟ್ರಸ್ಟಿಗಳ ಮಂಡಳಿ, ಶೇ 25ರಷ್ಟು ಹಣ ಖಾತೆಯಲ್ಲಿ ಉಳಿಯಬೇಕೆಂದೂ, ಪೂರ್ತಿ ಬಿಡಿಸಿಕೊಳ್ಳಲು ಕಾಯುವ ಅವಧಿ ಎರಡು ತಿಂಗಳ ಬದಲು ಹನ್ನೆರಡು ತಿಂಗಳಾಗಬೇಕೆಂದೂ, ಪಿಂಚಣಿ ಭಾಗಕ್ಕೆ ಮೂವತ್ತಾರು ತಿಂಗಳಾಗಬೇಕೆಂದೂ ತೀರ್ಮಾನಿಸಿತು. ಹಾಗಾಗಿ ಕ್ಲೇಮು ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಪೋರ್ಟಲ್‌ನಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ಕೆಲವು ದೊಡ್ಡ ಕಂಪನಿಗಳ ವಿಷಯ ಬೇರೆ. ಅವು ಸರ್ಕಾರದ ಅನುಮತಿ ಪಡೆದು ನೌಕರರ ಪಿಎಫ್ ಅನ್ನು ತಮ್ಮದೇ ಟ್ರಸ್ಟ್‌ನಲ್ಲಿ ಇಟ್ಟಿರುತ್ತವೆ. ಅಲ್ಲಿ ಹಣ ಕೊಡುವುದೂ ಟ್ರಸ್ಟೇ. ಅಂಥ ಕಡೆ ಎಚ್‌ಆರ್‌ಗೆ "ನನ್ನ ಹಣ ಎಂದು ಬರುತ್ತದೆ?" ಎಂದು ನೇರವಾಗಿ ಕೇಳುವುದು ಸರಿಯಾದ ಪ್ರಶ್ನೆಯೇ.

ಇಷ್ಟೆಲ್ಲ ಬರೆದ ಮೇಲೂ ಎಚ್‌ಆರ್ ಸುಮ್ಮನಿದ್ದರೆ? ಕೊಟ್ಟ ದಿನಾಂಕ ದಾಟಿದ ಮರುದಿನ ಅದೇ ಇಮೇಲ್‌ಗೆ ಉತ್ತರವಾಗಿ ಎರಡು ಸಾಲು ಸೇರಿಸಿ ಇನ್ನೊಮ್ಮೆ ಕಳಿಸಬೇಕು. ಹೊಸದಾಗಿ ಬರೆದರೆ ಹಿಂದಿನ ತಾರೀಖಿನ ಕೊಂಡಿ ಕಳಚುತ್ತದೆ. ವಾಟ್ಸ್ಯಾಪ್‌ನಲ್ಲಿ ಕೇಳಿದ್ದರೂ ಇಮೇಲ್ ಇರಲಿ. ಇಮೇಲ್ ಅಭ್ಯಾಸವಿಲ್ಲದವರು ಕಾರ್ಖಾನೆಗೆ ಹೋಗಿ ಕಾಗದ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಬಹುದು, ಇಲ್ಲವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು.

ಅದಕ್ಕೂ ಉತ್ತರವಿಲ್ಲದಿದ್ದರೆ ಇಪಿಎಫ್‌ಒದ ದೂರು ಪೋರ್ಟಲ್ epfigms.gov.in ಇದೆ. ಅಲ್ಲಿ ಯುಎಎನ್ ಹಾಕಿ, ದೂರು ಬರೆದು, ಎಚ್‌ಆರ್‌ಗೆ ಕಳಿಸಿದ ಕಾಗದವನ್ನೇ ಲಗತ್ತಿಸಬಹುದು. ಮೇಲಿನ ಟೈಲರ್ ಬರೆದಂಥ ಕಾಗದವಾದರೆ ದೂರಿಗೆ ಬೇರೆ ವಿವರಣೆಯೇ ಬೇಡ. ಕಂಪನಿ ಮೇ ತಿಂಗಳ ಹಣ ಹಿಡಿದು ಕಟ್ಟಿಲ್ಲವೆಂಬುದು ಚೀಟಿಯ ಸಮೇತ ಅಲ್ಲೇ ಇದೆ, ಮತ್ತು ಕಂಪನಿಯಿಂದ ಬಾಕಿ ವಸೂಲು ಮಾಡುವ ಅಧಿಕಾರ ಪಿಎಫ್ ಕಚೇರಿಗಿದೆ. ಪಿಎಫ್ ಕಚೇರಿಯೇ ತಡ ಮಾಡುತ್ತಿದ್ದರೆ ಗ್ರಾಹಕರ ಆಯೋಗದ ದಾರಿಯೂ ತೆರೆದಿದೆ. ಪಿಎಫ್ ಯೋಜನೆಯ ಸದಸ್ಯರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ ಶಿವಕುಮಾರ್ ಜೋಶಿ ಪ್ರಕರಣದಲ್ಲಿ 1999ರ ಡಿಸೆಂಬರ್‌ನಲ್ಲಿ ಹೇಳಿದೆ.

ಕಂಪ್ಯೂಟರ್ ಮುಂದೆ ಕೂರಲು ಹಿಂಜರಿಯುವವರಿಗೆ ಇನ್ನೂ ಎರಡು ದಾರಿಗಳಿವೆ. ನೋಂದಾಯಿತ ಮೊಬೈಲಿನಿಂದ EPFOHO UAN KAN ಎಂದು 7738299899ಕ್ಕೆ ಎಸ್‌ಎಂಎಸ್ ಕಳಿಸಿದರೆ ಖಾತೆಯ ವಿವರ ಕನ್ನಡದಲ್ಲೇ ಬರುತ್ತದೆ. ಕೊನೆಯ ವಂತಿಗೆ ಬಂದಿದೆಯೇ ಎಂದು ತಿಳಿಯಲು ಇದು ನೆರವಾಗುತ್ತದೆ. ಇನ್ನು, 2023ರ ಜನವರಿಯಿಂದ ಪ್ರತಿ ತಿಂಗಳ 27ರಂದು ಇಪಿಎಫ್‌ಒ ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಎಂಬ ಶಿಬಿರ ನಡೆಸುತ್ತಿದೆ. ಹಾಸನದ ಆ ಮಹಿಳೆ ಬೆಂಗಳೂರಿಗೆ ಬಸ್ ಹತ್ತಬೇಕಾಗಿಲ್ಲ. ಕಾಗದದ ಪ್ರತಿ, ಪಾಸ್‌ಬುಕ್ ಪುಟ, ಸೆಟ್ಲ್‌ಮೆಂಟ್ ಚೀಟಿ ಮತ್ತು ಗುರುತಿನ ಚೀಟಿ ಹಿಡಿದು ಜಿಲ್ಲೆಯ ಶಿಬಿರಕ್ಕೆ ಹೋದರೆ ದೂರನ್ನು ಅಲ್ಲೇ ದಾಖಲಿಸಬಹುದು.